ಕೋಷ್ಟಕದ ಕೆಂಪು ಚೌಕದಲ್ಲಿ ಕ್ವಿಕ್‌ಸಾರ್ಟ್

ಕಂಪ್ಯೂಟರ್ ಸೈನ್ಸ್ ಓದುವವರ ತರಗತಿಯಲ್ಲಿ ಒಂದಲ್ಲ ಒಂದು ದಿನ ಈ ಸ್ಲೈಡ್ ಪರದೆಯ ಮೇಲೆ ಬಂದೇ ಬರುತ್ತದೆ. ಎಡಗಡೆ ಹತ್ತು ಹನ್ನೆರಡು ಸಾರ್ಟಿಂಗ್ ವಿಧಾನಗಳ ಹೆಸರು: ಬಬಲ್, ಸೆಲೆಕ್ಷನ್, ಇನ್ಸರ್ಷನ್, ಮರ್ಜ್, ಕ್ವಿಕ್, ಹೀಪ್, ಕೌಂಟಿಂಗ್, ರೇಡಿಕ್ಸ್, ಟಿಮ್‌ಸಾರ್ಟ್. ಮೇಲ್ಗಡೆ ಕಾಲಂಗಳು: ಬೆಸ್ಟ್ ಕೇಸ್, ಆವರೇಜ್ ಕೇಸ್, ವರ್ಸ್ಟ್ ಕೇಸ್, ಮೆಮೊರಿ, ಸ್ಟೇಬಲ್ ಹೌದೋ ಅಲ್ಲವೋ. ಚೌಕಗಳಲ್ಲಿ O(n), O(n log n), O(n²) ಎಂಬ ಬರಹ. ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು. ಮೇಷ್ಟ್ರು ಮುಂದಿನ ಸ್ಲೈಡಿಗೆ ಹೋಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಫೋನುಗಳು ಮೇಲೆದ್ದು ಫೋಟೊ ತೆಗೆದಾಗಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಆ ಫೋಟೊ ಬಾಯಿಪಾಠವಾಗುತ್ತದೆ.

ಬಾಯಿಪಾಠ ಮಾಡುವ ಮೊದಲು ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹೀಪ್‌ಸಾರ್ಟ್ ಸಾಲಿನ ಮೂರೂ ಸಮಯದ ಚೌಕಗಳಲ್ಲಿ O(n log n) ಇದೆ. ಹೆಚ್ಚುವರಿ ಮೆಮೊರಿಯೂ ಬೇಡ. ಕ್ವಿಕ್‌ಸಾರ್ಟ್ ಸಾಲಿನಲ್ಲಾದರೆ ವರ್ಸ್ಟ್ ಕೇಸ್ ಚೌಕ ಕೆಂಪು: O(n²), ಅಂದರೆ ಎಲ್ಲರೂ ಬೇಡವೆನ್ನುವ ಬಬಲ್‌ಸಾರ್ಟ್‌ಗೆ ಇರುವುದೇ. ಕೋಷ್ಟಕವನ್ನು ಅಂಕಪಟ್ಟಿಯ ಹಾಗೆ ಓದಿದರೆ ಹೀಪ್‌ಸಾರ್ಟ್ ಮೊದಲ ರ‍್ಯಾಂಕ್, ಕ್ವಿಕ್‌ಸಾರ್ಟ್ ನಪಾಸು. ಆದರೆ ದಶಕಗಳಿಂದ ಪ್ರೋಗ್ರಾಮಿಂಗ್ ಭಾಷೆಗಳ ಲೈಬ್ರರಿಗಳಲ್ಲಿ ಹೆಚ್ಚು ಬಳಕೆಯಾಗುತ್ತಿರುವುದು ಕ್ವಿಕ್‌ಸಾರ್ಟ್ ಮತ್ತು ಅದರ ಸಂತತಿ. ಇದು ಯಾಕೆ ಹೀಗೆ ಎಂದು ಗೊತ್ತಾದರೆ ಇಡೀ ಕೋಷ್ಟಕವನ್ನು ಓದುವುದು ಹೇಗೆ ಎಂದೂ ಗೊತ್ತಾಗುತ್ತದೆ. ಆದ್ದರಿಂದ ಆ ಒಂದು ಸಾಲನ್ನೇ ಹಿಡಿದು ಹೋಗೋಣ.

ಮೊದಲು ಚೌಕದೊಳಗೆ ಏನನ್ನು ಬರೆದಿದ್ದಾರೆ ಎಂಬುದು ಸ್ಪಷ್ಟವಾಗಬೇಕು. ಅದು ಸೆಕೆಂಡುಗಳಲ್ಲಿ ಅಳೆದ ವೇಗವಲ್ಲ. ಪಟ್ಟಿಯಲ್ಲಿ n ಸಂಖ್ಯೆಗಳಿದ್ದರೆ ಎಷ್ಟು ಕೆಲಸ ಬೀಳುತ್ತದೆ, n ದೊಡ್ಡದಾಗುತ್ತ ಹೋದ ಹಾಗೆ ಆ ಕೆಲಸ ಯಾವ ಗತಿಯಲ್ಲಿ ಬೆಳೆಯುತ್ತದೆ ಎಂಬುದರ ಲೆಕ್ಕ ಅದು. ಕೆಲಸ ಎಂದರೆ ಸಾಮಾನ್ಯವಾಗಿ ಹೋಲಿಕೆ: ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದು ಎಂದು ಒಂದು ಸಲ ನೋಡುವುದು.

ಇನ್ಸರ್ಷನ್ ಸಾರ್ಟ್ ಇದನ್ನು ತೋರಿಸಲು ಅನುಕೂಲ. ಇಸ್ಪೀಟಾಟದಲ್ಲಿ ಕೈಗೆ ಬಂದ ಎಲೆಯನ್ನು ಬಲಗಡೆಯಿಂದ ನೋಡುತ್ತ ಬಂದು ಸರಿಯಾದ ಜಾಗದಲ್ಲಿ ಸಿಕ್ಕಿಸುತ್ತೇವಲ್ಲ, ಅದೇ ವಿಧಾನ. 28, 42, 17, 35, 51 ಎಂಬ ಐದು ಸಂಖ್ಯೆಗಳನ್ನು ತೆಗೆದುಕೊಳ್ಳಿ. 28 ಮೊದಲೇ ಕೈಯಲ್ಲಿದೆ. 42 ಬಂದಾಗ 28ರ ಜೊತೆ ಒಂದು ಹೋಲಿಕೆ. ಅದು ಇದ್ದಲ್ಲೇ ಸರಿ. 17 ಬಂದಾಗ 42ನ್ನು ನೋಡಬೇಕು, 28ನ್ನು ನೋಡಬೇಕು, ಎರಡನ್ನೂ ದಾಟಿ ಎಡತುದಿಗೆ ಹೋಗಬೇಕು: ಎರಡು ಹೋಲಿಕೆ. 35 ಬಂದಾಗ 42ನ್ನು ದಾಟಿ 28ರ ಬಳಿ ನಿಲ್ಲುತ್ತದೆ: ಮತ್ತೆ ಎರಡು. 51ಕ್ಕೆ ಒಂದೇ. ಒಟ್ಟು ಆರು ಹೋಲಿಕೆಗಳು.

ಇದೇ ಐದು ಸಂಖ್ಯೆಗಳು 17, 28, 35, 42, 51 ಎಂದು ಮೊದಲೇ ಜೋಡಿಸಿಕೊಂಡು ಬಂದಿದ್ದರೆ ಪ್ರತಿ ಹೊಸ ಸಂಖ್ಯೆಗೂ ಒಂದೊಂದೇ ಹೋಲಿಕೆ, ಒಟ್ಟು ನಾಲ್ಕು. ತಲೆಕೆಳಗಾಗಿ 51, 42, 35, 28, 17 ಎಂದು ಬಂದಿದ್ದರೆ 1+2+3+4, ಒಟ್ಟು ಹತ್ತು. ಬೆಸ್ಟ್ ಮತ್ತು ವರ್ಸ್ಟ್ ಎಂಬ ಕಾಲಂಗಳು ಹುಟ್ಟುವುದು ಇಲ್ಲಿ. ವಿಧಾನ ಒಂದೇ, ಸಂಖ್ಯೆಗಳೂ ಅವೇ. ಬದಲಾಗಿದ್ದು ಅವು ಬಂದ ಕ್ರಮ ಮಾತ್ರ. ಸಾವಿರ ಸಂಖ್ಯೆಗಳಾದರೆ ಮೊದಲೇ ಜೋಡಿಸಿದ್ದಕ್ಕೆ 999 ಹೋಲಿಕೆ ಸಾಕು, ತಲೆಕೆಳಗಾದದ್ದಕ್ಕೆ 4,99,500 ಬೇಕು. ಎರಡನೆಯ ಲೆಕ್ಕದ ಸೂತ್ರ n(n−1)/2. ಅದರಲ್ಲಿ ಭಾಗಿಸುವ ಎರಡನ್ನೂ ಕಳೆಯುವ ಒಂದನ್ನೂ ಬಿಟ್ಟು, ಬೆಳವಣಿಗೆಗೆ ಮುಖ್ಯ ಕಾರಣವಾದ n² ಒಂದನ್ನೇ ಉಳಿಸಿಕೊಂಡು ಮುಂದೆ O ಹಾಕುತ್ತಾರೆ.

ಹೀಗೆ ಬಿಟ್ಟುಬಿಡುವುದರಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಲಾಭವೆಂದರೆ ಯಾವ ಕಂಪ್ಯೂಟರ್, ಯಾವ ಭಾಷೆ ಎಂಬ ಗೋಜಲು ಇಲ್ಲದೆ ವಿಧಾನವನ್ನಷ್ಟೇ ತೂಗಿ ನೋಡಬಹುದು. ನಷ್ಟ ಏನೆಂಬುದನ್ನು ಚಿಕ್ಕ ಪಟ್ಟಿ ತೋರಿಸುತ್ತದೆ. ಎಂಟು ಸಂಖ್ಯೆಗಳ ಪಟ್ಟಿ ಯಾವ ಕ್ರಮದಲ್ಲಿ ಬೇಕಾದರೂ ಬರಬಹುದು ಎಂದುಕೊಂಡು ಸರಾಸರಿ ತೆಗೆದರೆ ಇನ್ಸರ್ಷನ್ ಸಾರ್ಟ್‌ಗೆ ಸುಮಾರು 19 ಹೋಲಿಕೆ, ಕ್ವಿಕ್‌ಸಾರ್ಟ್‌ಗೆ ಸುಮಾರು 17. ಹೆಚ್ಚು ಕಡಿಮೆ ಸಮ. ಆದರೆ ಕ್ವಿಕ್‌ಸಾರ್ಟ್ ಪ್ರತಿ ತುಂಡಿಗೂ ಒಂದೊಂದು ಫಂಕ್ಷನ್ ಕಾಲ್ ಮಾಡಬೇಕು, ಆ ಖರ್ಚು ಇನ್ಸರ್ಷನ್‌ಗೆ ಇಲ್ಲ. ಹಾಗಾಗಿ ಎಂಟು ಹತ್ತು ಸಂಖ್ಯೆಗಳ ಮಟ್ಟಿಗೆ ಕೆಂಪು ಚೌಕದ ಇನ್ಸರ್ಷನ್ ಸಾರ್ಟೇ ಬೇಗ ಮುಗಿಸುತ್ತದೆ. ಕೋಷ್ಟಕ ಮಾತಾಡುತ್ತಿರುವುದು n ತುಂಬಾ ದೊಡ್ಡದಾದಾಗಿನ ಕಥೆ. ಚಿಕ್ಕ ಪಟ್ಟಿಯ ವಿಷಯದಲ್ಲಿ ಅದು ಏನನ್ನೂ ಹೇಳುತ್ತಿಲ್ಲ. ಈ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಕ್ವಿಕ್‌ಸಾರ್ಟ್. 1960ರ ಹೊತ್ತಿಗೆ ಬ್ರಿಟನ್ನಿನ ಟೋನಿ ಹೋರ್ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದರು. ರಷ್ಯನ್ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೆ ತರುವ ಕೆಲಸದ ಬಗ್ಗೆ ಯೋಚಿಸುತ್ತಿದ್ದಾಗ ಅವರಿಗೆ ಒಂದು ತೊಡಕು ಎದುರಾಯಿತು. ನಿಘಂಟು ಇದ್ದದ್ದು ಮ್ಯಾಗ್ನೆಟಿಕ್ ಟೇಪಿನ ಮೇಲೆ, ಅಕಾರಾದಿಯಾಗಿ. ವಾಕ್ಯದ ಒಂದೊಂದು ಪದಕ್ಕೂ ಟೇಪನ್ನು ಹಿಂದೆ ಮುಂದೆ ಓಡಿಸುತ್ತ ಕೂರಲಾಗದು. ಪದಗಳನ್ನು ಮೊದಲು ಅಕಾರಾದಿಯಾಗಿ ಜೋಡಿಸಿಕೊಂಡರೆ ಟೇಪ್ ಒಂದೇ ಸಲ ಓಡಿದರೆ ಸಾಕು. ಹಾಗೆ ಜೋಡಿಸುವ ದಾರಿ ಹುಡುಕುವಾಗ ಹೊಳೆದದ್ದು ಕ್ವಿಕ್‌ಸಾರ್ಟ್. 1961ರಲ್ಲಿ ಅದು ಪ್ರಕಟವಾಯಿತು.

ವಿಧಾನ ಇಷ್ಟೇ. ಪಟ್ಟಿಯಿಂದ ಒಂದು ಸಂಖ್ಯೆಯನ್ನು ಆರಿಸಿಕೊಳ್ಳಿ. ಅದಕ್ಕೆ ಪಿವಟ್ ಎನ್ನುತ್ತಾರೆ. ಅದಕ್ಕಿಂತ ಚಿಕ್ಕವನ್ನೆಲ್ಲ ಎಡಕ್ಕೆ, ಉಳಿದವನ್ನೆಲ್ಲ ಬಲಕ್ಕೆ ಹಾಕಿ. ಈಗ ಪಿವಟ್ ತನ್ನ ಕೊನೆಯ ಜಾಗಕ್ಕೆ ಬಂದು ಕೂತಿದೆ. ಎಡದ ತುಂಡಿಗೂ ಬಲದ ತುಂಡಿಗೂ ಇದನ್ನೇ ಮತ್ತೆ ಮಾಡಿ. ಪಠ್ಯಪುಸ್ತಕದ ಮಾದರಿಯಲ್ಲಿ ಪೈಥಾನ್‌ನಲ್ಲಿ ಬರೆದರೆ ಹೀಗಿರುತ್ತದೆ:

```python
def qs(a, lo, hi):
    if lo >= hi:
        return
    p = a[lo]
    i = lo
    for j in range(lo + 1, hi + 1):
        if a[j] < p:
            i += 1
            a[i], a[j] = a[j], a[i]
    a[lo], a[i] = a[i], a[lo]
    qs(a, lo, i - 1)
    qs(a, i + 1, hi)
```

ಇಲ್ಲಿ ಪಿವಟ್ `a[lo]`, ಅಂದರೆ ತುಂಡಿನ ಮೊದಲ ಸಂಖ್ಯೆ. ಎಂಟು ಸಂಖ್ಯೆಗಳ ಪಟ್ಟಿಯಲ್ಲಿ ಪ್ರತಿ ಸಲವೂ ಪಿವಟ್ ನಡುವೆಯೇ ಬೀಳುತ್ತದೆ ಎಂದುಕೊಳ್ಳಿ. ಮೊದಲ ಸುತ್ತಿಗೆ 7 ಹೋಲಿಕೆ. ಉಳಿಯುವುದು ಮೂರರ ಒಂದು ತುಂಡು, ನಾಲ್ಕರ ಒಂದು ತುಂಡು. ಅವಕ್ಕೆ 2 ಮತ್ತು 3. ನಾಲ್ಕರ ತುಂಡಿನಿಂದ ಎರಡರ ತುಂಡೊಂದು ಉಳಿಯುತ್ತದೆ, ಅದಕ್ಕೆ 1. ಒಟ್ಟು 13. ಪ್ರತಿ ಸುತ್ತಿನಲ್ಲಿ ತುಂಡು ಅರ್ಧವಾಗುತ್ತ ಹೋಗುವುದರಿಂದ ಸುತ್ತುಗಳ ಸಂಖ್ಯೆ ಬಹಳ ನಿಧಾನವಾಗಿ ಬೆಳೆಯುತ್ತದೆ: ಸಾವಿರಕ್ಕೆ ಸುಮಾರು ಹತ್ತು, ಹತ್ತು ಲಕ್ಷಕ್ಕೆ ಸುಮಾರು ಇಪ್ಪತ್ತು. ಕೋಷ್ಟಕದ `log n` ಅಂದರೆ ಈ ಸುತ್ತುಗಳು. ಪ್ರತಿ ಸುತ್ತಿಗೆ ಸುಮಾರು n ಕೆಲಸ, ಅಂಥ log n ಸುತ್ತುಗಳು.

ಇನ್ನು ಇದೇ ಕೋಡ್‌ಗೆ ಮೊದಲೇ ಜೋಡಿಸಿಟ್ಟ ಪಟ್ಟಿ ಕೊಡಿ. ಮೊದಲ ಸಂಖ್ಯೆಯೇ ಎಲ್ಲಕ್ಕಿಂತ ಚಿಕ್ಕದು. ಎಡಕ್ಕೆ ಹೋಗುವುದು ಏನೂ ಇಲ್ಲ, ಬಲಕ್ಕೆ ಉಳಿದ ಏಳೂ. ಮುಂದಿನ ಸುತ್ತಿನಲ್ಲೂ ಅದೇ ಕಥೆ. 7+6+5+4+3+2+1, ಒಟ್ಟು 28. ಇನ್ಸರ್ಷನ್ ಸಾರ್ಟ್ ತಲೆಕೆಳಗಾದ ಪಟ್ಟಿಗೆ ಮಾಡುವಷ್ಟೇ ಕೆಲಸ. ಇನ್ಸರ್ಷನ್‌ಗೆ ಎಲ್ಲಕ್ಕಿಂತ ಸುಲಭವಾದ ಪಟ್ಟಿ ಈ ಕ್ವಿಕ್‌ಸಾರ್ಟ್‌ಗೆ ಎಲ್ಲಕ್ಕಿಂತ ಕಷ್ಟದ ಪಟ್ಟಿ. ಕೋಷ್ಟಕದಲ್ಲಿ ಎರಡು ಸಾಲುಗಳ ವರ್ಸ್ಟ್ ಕೇಸ್ ಚೌಕದಲ್ಲಿ ಒಂದೇ O(n²) ಇದ್ದರೂ, ಆ ಎರಡು ಚೌಕಗಳು ಹೇಳುತ್ತಿರುವುದು ಬೇರೆ ಬೇರೆ ಪಟ್ಟಿಗಳ ಬಗ್ಗೆ. ಸ್ಲೈಡ್ ಬಿಟ್ಟುಬಿಡುವ ಸಂಗತಿಗಳಲ್ಲಿ ನನ್ನ ಮಟ್ಟಿಗೆ ಇದೇ ದೊಡ್ಡದು: ಕೆಟ್ಟದು ಎಂದರೆ ಎಷ್ಟು ಕೆಟ್ಟದು ಎಂದು ಚೌಕ ಹೇಳುತ್ತದೆ, ಯಾವ ಪಟ್ಟಿ ಬಂದಾಗ ಕೆಟ್ಟದು ಎಂದು ಹೇಳುವುದಿಲ್ಲ.

ಅಂಕಿಗಳನ್ನು ದೊಡ್ಡದು ಮಾಡಿ ನೋಡಿದರೆ ಅಂತರ ಕಣ್ಣಿಗೆ ಬೀಳುತ್ತದೆ. ಹತ್ತು ಲಕ್ಷ ಬೇರೆ ಬೇರೆ ಸಂಖ್ಯೆಗಳು ಕಲಸಿಹೋದ ಕ್ರಮದಲ್ಲಿದ್ದರೆ ಕ್ವಿಕ್‌ಸಾರ್ಟ್‌ಗೆ ಸರಾಸರಿ ಸುಮಾರು 2.5 ಕೋಟಿ ಹೋಲಿಕೆ. ಜೋಡಿಸಿಟ್ಟ ಪಟ್ಟಿಯಾದರೆ ಸುಮಾರು 50,000 ಕೋಟಿ. ಸೆಕೆಂಡಿಗೆ 10 ಕೋಟಿ ಹೋಲಿಕೆ ಮಾಡುವ ಯಂತ್ರ ಎಂದು ಹಿಡಿದರೆ ಮೊದಲನೆಯದು ಕಾಲು ಸೆಕೆಂಡ್, ಎರಡನೆಯದು ಒಂದು ಗಂಟೆ ಇಪ್ಪತ್ತಮೂರು ನಿಮಿಷ.

ನಿಜವಾಗಿ ಅಷ್ಟು ಹೊತ್ತು ಕಾಯುವ ಸಂದರ್ಭವೇ ಬರುವುದಿಲ್ಲ, ಅದಕ್ಕೂ ಮೊದಲೇ ಪ್ರೋಗ್ರಾಂ ಬಿದ್ದುಹೋಗುತ್ತದೆ. ಮೇಲಿನ ಕೋಡ್‌ಗೆ ಪೈಥಾನ್‌ನಲ್ಲಿ ಜೋಡಿಸಿಟ್ಟ 2000 ಸಂಖ್ಯೆಗಳನ್ನು ಕೊಟ್ಟರೆ ಉತ್ತರದ ಬದಲು ಈ ಸಾಲು ಬರುತ್ತದೆ:

```
RecursionError: maximum recursion depth exceeded
```

ಪ್ರತಿ ಸುತ್ತಿನಲ್ಲಿ ಒಂದೇ ಒಂದು ಸಂಖ್ಯೆ ಕಡಿಮೆಯಾಗುವುದರಿಂದ `qs` ತನ್ನನ್ನು ತಾನೇ ಕರೆಯುತ್ತ ಎರಡು ಸಾವಿರದಷ್ಟು ಆಳಕ್ಕೆ ಇಳಿಯಬೇಕಾಗುತ್ತದೆ. ಪೈಥಾನ್ ಸಾಮಾನ್ಯವಾಗಿ ಇಟ್ಟಿರುವ ಮಿತಿ ಒಂದು ಸಾವಿರ. ಸಿ ಭಾಷೆಯಲ್ಲಿ ಇಂಥ ಮಿತಿ ಇಲ್ಲ, ಅಲ್ಲಿ ಪಟ್ಟಿ ಸಾಕಷ್ಟು ದೊಡ್ಡದಾದಾಗ ಸ್ಟ್ಯಾಕ್ ತುಂಬಿ ಪ್ರೋಗ್ರಾಂ ನಿಂತುಹೋಗುತ್ತದೆ. ಕೋಷ್ಟಕದ ಮೆಮೊರಿ ಕಾಲಂ ಅರ್ಥವಾಗುವುದು ಈ ಎರರ್ ಕಂಡ ಮೇಲೆ. ಒಂದು ಸ್ಲೈಡಿನಲ್ಲಿ ಕ್ವಿಕ್‌ಸಾರ್ಟ್ ಮುಂದೆ O(log n) ಎಂದಿರುತ್ತದೆ, ಇನ್ನೊಂದರಲ್ಲಿ O(n) ಎಂದಿರುತ್ತದೆ. ಎರಡೂ ಸರಿಯೇ. ನಮ್ಮ ಕೋಡ್ ಕೆಟ್ಟ ಪಟ್ಟಿ ಬಂದಾಗ n ಆಳಕ್ಕೆ ಇಳಿಯುತ್ತದೆ. ಅದೇ ಕೋಡನ್ನು ಸ್ವಲ್ಪ ತಿದ್ದಿ, ಚಿಕ್ಕ ತುಂಡಿಗೆ ಮಾತ್ರ ಫಂಕ್ಷನ್ ಕರೆದು ದೊಡ್ಡ ತುಂಡನ್ನು ಲೂಪ್‌ನಲ್ಲೇ ಮುಂದುವರಿಸಿದರೆ ಆಳ ಎಂದೂ log n ದಾಟುವುದಿಲ್ಲ, ಹತ್ತು ಲಕ್ಷಕ್ಕೂ ಇಪ್ಪತ್ತರ ಒಳಗೆ. ಸಮಯ ಆಗಲೂ n² ಆಗಬಹುದು, ಆದರೆ ಪ್ರೋಗ್ರಾಂ ಬೀಳುವುದಿಲ್ಲ. ಎರಡು ಸ್ಲೈಡುಗಳು ಜಗಳವಾಡಿದಂತೆ ಕಂಡಾಗ ಬಹುಪಾಲು ಕಾರಣ ಇದೇ: ಒಂದೇ ಹೆಸರಿನ ಕೆಳಗೆ ಎರಡು ಬೇರೆ ಕೋಡ್‌ಗಳಿವೆ. ಬಬಲ್‌ಸಾರ್ಟ್‌ನ ಬೆಸ್ಟ್ ಕೇಸ್ ಕೆಲವು ಕಡೆ O(n), ಕೆಲವು ಕಡೆ O(n²) ಇರುವುದೂ ಹೀಗೆಯೇ. ಒಂದು ಸುತ್ತಿನಲ್ಲಿ ಒಂದೂ ಅದಲುಬದಲು ಆಗದಿದ್ದರೆ ಅಲ್ಲಿಗೇ ನಿಲ್ಲಿಸು ಎಂಬ ಒಂದು ಸಾಲು ಕೋಡ್‌ನಲ್ಲಿ ಇದೆಯೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ.

ನಮ್ಮ ವಿಟಿಯು ಎಂಜಿನಿಯರಿಂಗ್ ಕಾಲೇಜುಗಳ ಅಲ್ಗಾರಿದಮ್ ಲ್ಯಾಬಿನಲ್ಲಿ ಈ ಪ್ರಯೋಗ ಇದೆ. ಕ್ವಿಕ್‌ಸಾರ್ಟ್ ಬರೆಯಿರಿ, n ಅನ್ನು 5000ಕ್ಕಿಂತ ಮೇಲೆ ಬೇರೆ ಬೇರೆ ಇಟ್ಟು ಓಡಿಸಿ, ತೆಗೆದುಕೊಂಡ ಸಮಯ ಬರೆದುಕೊಂಡು ಗ್ರಾಫ್ ಹಾಕಿ. ಒಳ್ಳೆಯ ಪ್ರಯೋಗ. ಆದರೆ ಸಂಖ್ಯೆಗಳನ್ನು ರ‍್ಯಾಂಡಮ್ ಆಗಿ ಹುಟ್ಟಿಸಿ ಗ್ರಾಫ್ ಹಾಕಿದರೆ ಕಾಣುವುದು ಕೋಷ್ಟಕದ ಆವರೇಜ್ ಕಾಲಂ ಒಂದೇ. ಸಾರ್ಟ್ ಆದ ಪಟ್ಟಿಯನ್ನೇ ಇನ್ನೊಮ್ಮೆ ಕೊಟ್ಟು ಓಡಿಸಿದರೆ ವರ್ಸ್ಟ್ ಕಾಲಂ ಕೂಡ ಕಣ್ಣೆದುರಿಗೆ ಬರುತ್ತದೆ.

ಗ್ರಾಫ್ ನೋಡಿ ಇದು n² ಬಾಗೋ n log n ಬಾಗೋ ಎಂದು ಹೇಳುವುದು ಕಷ್ಟ. ಸುಲಭದ ಪರೀಕ್ಷೆ n ಅನ್ನು ಇಮ್ಮಡಿ ಮಾಡುವುದು. 20,000 ಸಂಖ್ಯೆಗೆ ಹಿಡಿದ ಸಮಯ ಬರೆದುಕೊಳ್ಳಿ, 40,000ಕ್ಕೆ ಮತ್ತೆ ಓಡಿಸಿ. ಸಮಯ ಸುಮಾರು ನಾಲ್ಕು ಪಟ್ಟಾದರೆ n². ಎರಡು ಪಟ್ಟಿಗಿಂತ ತುಸುವೇ ಹೆಚ್ಚು, ಸುಮಾರು 2.1 ಪಟ್ಟು ಆದರೆ n log n. ಒಂದೇ ಸಲದ ಓಟ ನಂಬದೆ ಹಲವು ಸಲ ಓಡಿಸಿ ನೋಡಿ. ಅಲ್ಲೊಂದು ಎಡವಟ್ಟು ಕಾದಿರುತ್ತದೆ. ಸಮಯ ಚೆನ್ನಾಗಿ ಸಿಗಲಿ ಎಂದು ಒಂದೇ ಅರೇಯನ್ನು ಲೂಪಿನಲ್ಲಿ ನೂರು ಸಲ ಸಾರ್ಟ್ ಮಾಡುವವರಿದ್ದಾರೆ. ಮೊದಲ ಸಲ ಮುಗಿಯುತ್ತಿದ್ದಂತೆ ಅರೇ ಜೋಡಣೆಯಾಗಿಬಿಟ್ಟಿದೆ. ಉಳಿದ 99 ಓಟಗಳಲ್ಲಿ ಇನ್ಸರ್ಷನ್ ಸಾರ್ಟ್ ತನ್ನ ಬೆಸ್ಟ್ ಕೇಸ್ ತೋರಿಸುತ್ತದೆ, ಮೇಲಿನ ಕ್ವಿಕ್‌ಸಾರ್ಟ್ ತನ್ನ ವರ್ಸ್ಟ್ ಕೇಸ್ ತೋರಿಸುತ್ತದೆ. ಫಲಿತಾಂಶ ಕೋಷ್ಟಕಕ್ಕೆ ಉಲ್ಟಾ ಬರುತ್ತದೆ. ಪ್ರತಿ ಓಟಕ್ಕೂ ಮೂಲ ಅರೇಯ ಹೊಸ ನಕಲು ಕೊಡಬೇಕು.

ಇನ್ನೊಂದು ಎಡವಟ್ಟು ಇದಕ್ಕಿಂತ ಸೂಕ್ಷ್ಮ. ಸಂಖ್ಯೆಗಳು ಚಿಕ್ಕದಾಗಿರಲಿ ಎಂದು `rand() % 10` ಎಂದು ಬರೆದರೆ 50,000 ಸಂಖ್ಯೆಗಳಲ್ಲಿ 0ಯಿಂದ 9ರವರೆಗಿನ ಪ್ರತಿ ಅಂಕಿಯೂ ಸುಮಾರು 5000 ಸಲ ಬರುತ್ತದೆ. ಮೇಲಿನ ಕೋಡ್ ಪಿವಟ್‌ಗೆ ಸಮನಾದವನ್ನು ಬಲಕ್ಕೇ ತಳ್ಳುತ್ತದೆ, ಹಾಗಾಗಿ ಸಮನಾದವು ಬೇರೆಯಾಗುವುದೇ ಇಲ್ಲ. ಒಂದು ಅಂಕಿಯ 5000 ಪ್ರತಿಗಳು ತಮ್ಮತಮ್ಮಲ್ಲೇ ಸುಮಾರು 1.25 ಕೋಟಿ ಸಲ ಹೋಲಿಸಿಕೊಳ್ಳುತ್ತವೆ. ಹತ್ತು ಅಂಕಿಗಳಿಗೆ 12.5 ಕೋಟಿ. ಎಲ್ಲವೂ ಬೇರೆ ಬೇರೆ ಸಂಖ್ಯೆಗಳಾಗಿದ್ದರೆ ಹತ್ತು ಲಕ್ಷದೊಳಗೆ ಮುಗಿಯುತ್ತಿದ್ದ ಕೆಲಸ ಇದು. ಪಟ್ಟಿ ಜೋಡಣೆಯಾಗಿಲ್ಲ, ರ‍್ಯಾಂಡಮ್ ಆಗಿಯೇ ಇದೆ, ಆದರೂ ಕೆಂಪು ಚೌಕಕ್ಕೆ ಬಿದ್ದಿದೆ. ಲ್ಯಾಬಿನಾಚೆಯ ಪಟ್ಟಿಗಳು ಬಹುತೇಕ ಹೀಗೇ ಇರುತ್ತವೆ. ವಿದ್ಯಾರ್ಥಿಗಳನ್ನು ಜಿಲ್ಲೆಯ ಪ್ರಕಾರ ಜೋಡಿಸಹೊರಟರೆ ಲಕ್ಷಾಂತರ ಸಾಲುಗಳಿಗೆ ಜಿಲ್ಲೆಗಳು ಬೆರಳೆಣಿಕೆಯಷ್ಟು.

ಇಂಥದ್ದು ಪಳಗಿದವರಿಗೂ ಕೈಕೊಟ್ಟಿದೆ. 1991ರ ಬೇಸಿಗೆಯಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಅಲನ್ ವಿಲ್ಕ್ಸ್ ಮತ್ತು ರಿಕ್ ಬೆಕರ್ ಯುನಿಕ್ಸ್‌ನ `qsort` ಬಳಸಿ ಒಂದು ಪ್ರೋಗ್ರಾಂ ಓಡಿಸುತ್ತಿದ್ದರು. ಕೆಲವು ನಿಮಿಷಗಳಲ್ಲಿ ಮುಗಿಯಬೇಕಿದ್ದದ್ದು ಗಂಟೆಗಟ್ಟಲೆ ಓಡುತ್ತಲೇ ಇತ್ತು. ತಡೆಯದಿದ್ದರೆ ವಾರಗಟ್ಟಲೆ ಓಡುತ್ತಿತ್ತು. ಕಾರಣ ಹುಡುಕಿದಾಗ ಸಿಕ್ಕ ಪಟ್ಟಿಯ ಆಕಾರ ಹೀಗಿತ್ತು: 1, 2, 3 ಎಂದು n ತನಕ ಏರಿ, ಮತ್ತೆ n ಇಂದ 3, 2, 1 ಎಂದು ಇಳಿಯುವುದು. ಮೊದಲ ಸಂಖ್ಯೆಯ ಬದಲು ನಡುವಿನ ಸಂಖ್ಯೆಯನ್ನು ಪಿವಟ್ ಮಾಡಿಕೊಂಡರೆ ಸಾಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಈ ಪಟ್ಟಿಯಲ್ಲಿ ನಡುವೆ ಕೂತಿರುವುದು ಎಲ್ಲಕ್ಕಿಂತ ದೊಡ್ಡ ಸಂಖ್ಯೆ.

ಆ ಪ್ರಕರಣದ ಬೆನ್ನಿಗೆ ಜಾನ್ ಬೆಂಟ್ಲಿ ಮತ್ತು ಡಗ್ ಮೆಕಿಲ್ರಾಯ್ `qsort` ಅನ್ನು ಹೊಸದಾಗಿ ಬರೆದು 1993ರಲ್ಲಿ ಪ್ರಕಟಿಸಿದರು. ದೊಡ್ಡ ಪಟ್ಟಿಯಾದರೆ ಒಂಬತ್ತು ಕಡೆಯಿಂದ ಸಂಖ್ಯೆಗಳನ್ನು ಎತ್ತಿ, ಮೂರು ಮೂರರ ಗುಂಪಿನಲ್ಲಿ ನಡುವಿನದನ್ನು ಆರಿಸಿ, ಆ ಮೂರರಲ್ಲಿ ಮತ್ತೆ ನಡುವಿನದನ್ನು ಪಿವಟ್ ಮಾಡಿದರು. ಪಟ್ಟಿಯನ್ನು ಎರಡು ತುಂಡು ಮಾಡುವ ಬದಲು ಚಿಕ್ಕವು, ಸಮನಾದವು, ದೊಡ್ಡವು ಎಂದು ಮೂರು ಮಾಡಿದರು. ಸಮನಾದವು ಒಂದೇ ಸಲಕ್ಕೆ ತಮ್ಮ ಜಾಗ ಸೇರಿಬಿಡುವುದರಿಂದ ಜಿಲ್ಲೆಯ ಪಟ್ಟಿಯಂಥದ್ದು ತೊಂದರೆ ಕೊಡುವುದಿಲ್ಲ, ಬದಲಿಗೆ ಬೇಗ ಮುಗಿಯುತ್ತದೆ. ಆದರೂ ಕೆಂಪು ಚೌಕ ಹೋಗಲಿಲ್ಲ. ಇದೇ ಮೆಕಿಲ್ರಾಯ್ 1999ರಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಕ್ವಿಕ್‌ಸಾರ್ಟ್ ಯಾವ ಯಾವ ಹೋಲಿಕೆ ಕೇಳುತ್ತದೆ ಎಂದು ನೋಡುತ್ತ, ಅದಕ್ಕೆ ಅತಿ ಕೆಟ್ಟ ಉತ್ತರ ಸಿಗುವಂತೆ ಪಟ್ಟಿಯನ್ನು ಓಡುವಾಗಲೇ ಕಟ್ಟಿಕೊಡುವ ಪ್ರೋಗ್ರಾಂ ಅದು. ಎಷ್ಟೇ ಜಾಣತನದಿಂದ ಪಿವಟ್ ಆರಿಸಿದ `qsort` ಆದರೂ ಅದರ ಕೈಗೆ ಸಿಕ್ಕಿದರೆ n²ಕ್ಕೆ ಬೀಳುತ್ತದೆ. ವರ್ಸ್ಟ್ ಕೇಸ್ ಕಾಲಂ ಹೇಳುವುದು ಇದನ್ನೇ: ಇಂಥ ಪಟ್ಟಿ ಅಪರೂಪ ಇರಬಹುದು, ಆದರೆ ಇಲ್ಲದೇ ಇಲ್ಲ, ಬೇಕೆಂದೇ ಯಾರಾದರೂ ಕಟ್ಟಿ ತರಬಹುದು.

ಪಿವಟ್ ಅನ್ನು ಚೀಟಿ ಎತ್ತಿದ ಹಾಗೆ ರ‍್ಯಾಂಡಮ್ ಆಗಿ ಆರಿಸುವುದು ಇನ್ನೊಂದು ದಾರಿ. ಹೋರ್ 1961ರಲ್ಲಿ ಪ್ರಕಟಿಸಿದ ಮೊದಲ ರೂಪದಲ್ಲೇ ಅದು ಇತ್ತು. ಮೊದಲ ಸಂಖ್ಯೆಯೇ ಪಿವಟ್ ಎಂಬುದು ಕಲಿಸುವ ಸುಲಭಕ್ಕೆ ಬಂದದ್ದು. ರ‍್ಯಾಂಡಮ್ ಪಿವಟ್ ಇದ್ದರೆ ಸಂಖ್ಯೆಗಳು ಬೇರೆ ಬೇರೆಯಾಗಿರುವವರೆಗೆ ಯಾವ ಪಟ್ಟಿಯೂ ತಾನಾಗಿ ಕೆಟ್ಟದ್ದಲ್ಲ. ಚೀಟಿ ಪ್ರತಿ ಸಲವೂ ತಪ್ಪಾಗಿ ಬೀಳಬೇಕು, ಆಗ ಮಾತ್ರ n². ಕೋಷ್ಟಕದಲ್ಲಿ ಆಗಲೂ ಚೌಕ ಕೆಂಪೇ, ಆದರೆ ಅದರ ಅರ್ಥ ಬದಲಾಗಿದೆ.

ಹೀಪ್‌ಸಾರ್ಟ್ ಪ್ರಶ್ನೆಗೆ ಈಗ ಬರಬಹುದು. ಅದರ ಸಾಲು ಪೂರ್ತಿ ಹಸಿರಾಗಿದ್ದರೂ ಅದನ್ನೇ ಯಾಕೆ ಎಲ್ಲೆಡೆ ಬಳಸುವುದಿಲ್ಲ? ಹೀಪ್‌ನಲ್ಲಿ i ಎಂಬ ಜಾಗದಲ್ಲಿರುವ ಸಂಖ್ಯೆ ತನ್ನ ಕೆಳಗಿನವನ್ನು ಹುಡುಕಿಕೊಂಡು 2i+1, 2i+2 ಎಂಬ ಜಾಗಗಳಿಗೆ ಹೋಗಬೇಕು. ಪಟ್ಟಿ ದೊಡ್ಡದಾದ ಹಾಗೆ ಅದು ಮೆಮೊರಿಯ ಉದ್ದಕ್ಕೂ ದೂರ ದೂರಕ್ಕೆ ಜಿಗಿಯುತ್ತದೆ. ಇಂದಿನ ಪ್ರೊಸೆಸರ್ ಪಕ್ಕಪಕ್ಕದ ಮೆಮೊರಿಯನ್ನು ಕ್ಯಾಶ್‌ಗೆ ಒಟ್ಟಿಗೆ ತಂದುಕೊಂಡು ಬೇಗ ಓದುತ್ತದೆ. ದೂರದ್ದು ಬೇಕಾದಾಗ ಕಾಯಬೇಕಾಗುತ್ತದೆ. ಕ್ವಿಕ್‌ಸಾರ್ಟ್ ಪಟ್ಟಿಯನ್ನು ಒಂದು ಕಡೆಯಿಂದ ಸಾಲಾಗಿ ಓದುತ್ತ ಹೋಗುತ್ತದೆ, ಅದಕ್ಕೆ ಕ್ಯಾಶ್ ಒದಗುತ್ತದೆ. ಎರಡರ ಆವರೇಜ್ ಚೌಕದಲ್ಲೂ ಒಂದೇ n log n ಇದೆ, ಆದರೆ O ಬಿಟ್ಟುಬಿಟ್ಟ ಆ ಮುಂದಿನ ಗುಣಕ ಬೇರೆ ಬೇರೆ. ಹೋಲಿಕೆಯೊಂದನ್ನೇ ಎಣಿಸುವ ಕೋಷ್ಟಕದಲ್ಲಿ ಕ್ಯಾಶ್‌ಗೆ ಕಾಲಂ ಇಲ್ಲ.

1997ರಲ್ಲಿ ಡೇವಿಡ್ ಮ್ಯೂಸರ್ ಈ ಎರಡನ್ನೂ ಸೇರಿಸಿಬಿಟ್ಟರು. ಅವರ ಇಂಟ್ರೊಸಾರ್ಟ್ ಕ್ವಿಕ್‌ಸಾರ್ಟ್ ಆಗಿಯೇ ಶುರುವಾಗುತ್ತದೆ, ಆದರೆ ಎಷ್ಟು ಆಳಕ್ಕೆ ಇಳಿದೆ ಎಂದು ಎಣಿಸುತ್ತಿರುತ್ತದೆ. ಆಳ 2 log n ದಾಟಿದರೆ, ಅಂದರೆ ಹತ್ತು ಲಕ್ಷದ ಪಟ್ಟಿಗೆ ಸುಮಾರು ನಲವತ್ತು ಮೆಟ್ಟಿಲು ಇಳಿದರೆ, ಪಿವಟ್‌ಗಳು ಕೆಟ್ಟದಾಗಿ ಬೀಳುತ್ತಿವೆ ಎಂದು ಅರ್ಥ. ಆಗ ಆ ತುಂಡನ್ನು ಹೀಪ್‌ಸಾರ್ಟ್‌ಗೆ ಒಪ್ಪಿಸಿಬಿಡುತ್ತದೆ. ತುಂಡು ತುಂಬಾ ಚಿಕ್ಕದಾದಾಗ, ಜಿಸಿಸಿ ಕಂಪೈಲರ್‌ನ `std::sort`ನಲ್ಲಾದರೆ ಹದಿನಾರಕ್ಕೆ ಇಳಿದಾಗ, ಒಡೆಯುವುದನ್ನು ನಿಲ್ಲಿಸಿ ಉಳಿದದ್ದನ್ನು ಇನ್ಸರ್ಷನ್ ಸಾರ್ಟ್‌ಗೆ ಬಿಡುತ್ತದೆ. ಎಂಟು ಹತ್ತು ಸಂಖ್ಯೆಗಳಿಗೆ ಅದೇ ವಾಸಿ ಎಂಬ ಹಿಂದಿನ ಲೆಕ್ಕ ಇಲ್ಲಿ ಬಳಕೆಗೆ ಬಂದಿದೆ. ಕೋಷ್ಟಕದ ಮೂರು ಸಾಲುಗಳು ಒಂದೇ ಫಂಕ್ಷನ್ನಿನೊಳಗೆ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತ ಕೂತಿವೆ. ಸಿ ಪ್ಲಸ್ ಪ್ಲಸ್ ಭಾಷೆಯ 2011ರ ಮಾನದಂಡ `std::sort` ವರ್ಸ್ಟ್ ಕೇಸ್‌ನಲ್ಲೂ n log n ದಾಟಬಾರದು ಎಂದು ವಿಧಿಸಲು ಸಾಧ್ಯವಾದದ್ದು ಇಂಥ ಜೋಡಣೆಯಿಂದ. ಪೈಥಾನ್‌ಗಾಗಿ ಟಿಮ್ ಪೀಟರ್ಸ್ 2002ರಲ್ಲಿ ಬರೆದ ಟಿಮ್‌ಸಾರ್ಟ್ ಕೂಡ ಹೀಗೆಯೇ ಎರಡು ಸಾಲುಗಳ ಮಿಲನ. ಪಟ್ಟಿಯಲ್ಲಿ ಈಗಾಗಲೇ ಜೋಡಣೆಯಾಗಿರುವ ತುಂಡುಗಳನ್ನು ಹುಡುಕಿಕೊಂಡು, ಚಿಕ್ಕವನ್ನು ಇನ್ಸರ್ಷನ್‌ನಿಂದ ಉದ್ದ ಮಾಡಿಕೊಂಡು, ಮರ್ಜ್‌ನಿಂದ ಸೇರಿಸುತ್ತದೆ. ನಮ್ಮ `qs` ಬಿದ್ದುಹೋದ ಜೋಡಿಸಿಟ್ಟ ಪಟ್ಟಿಯನ್ನು ಅದು ಒಂದೇ ಸಲ ಓದಿ ಮುಗಿಸುತ್ತದೆ.

ಕೋಷ್ಟಕದ ಕೆಳಭಾಗದಲ್ಲಿ ಇನ್ನೊಂದು ಜಾತಿಯ ಸಾಲುಗಳಿವೆ, ಅವನ್ನು ಬೇರೆಯಾಗಿಯೇ ಓದಬೇಕು. ಹೋಲಿಕೆ ಮಾಡುತ್ತ ಜೋಡಿಸುವ ಯಾವ ವಿಧಾನವೂ ವರ್ಸ್ಟ್ ಕೇಸ್‌ನಲ್ಲಿ n log n ಗಿಂತ ಕೆಳಗೆ ಇಳಿಯಲಾರದು. ಐದು ಸಂಖ್ಯೆಗಳು 120 ಕ್ರಮಗಳಲ್ಲಿ ಬರಬಹುದು. ಒಂದು ಹೋಲಿಕೆಗೆ ಎರಡೇ ಉತ್ತರ. ಆರು ಹೋಲಿಕೆಗಳಿಂದ 64 ಕ್ರಮಗಳನ್ನಷ್ಟೇ ಬೇರೆ ಮಾಡಿ ಗುರುತಿಸಬಹುದು, ಏಳರಿಂದ 128. ಆದ್ದರಿಂದ ಕೆಟ್ಟ ಸಂದರ್ಭಕ್ಕೆ ಏಳಾದರೂ ಬೇಕೇ ಬೇಕು, ಎಂಥ ಜಾಣರು ಬರೆದರೂ. ಆದರೆ ಕೌಂಟಿಂಗ್ ಸಾರ್ಟ್ ಮುಂದೆ O(n+k) ಎಂದಿದೆ, ಅದು ಹಸಿರು. ಅದು ಹೋಲಿಸುವುದೇ ಇಲ್ಲ, ಎಣಿಸುತ್ತದೆ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಎಂಟು ಲಕ್ಷ ವಿದ್ಯಾರ್ಥಿಗಳ ಅಂಕಗಳನ್ನು ಜೋಡಿಸಬೇಕೆಂದರೆ 0ಯಿಂದ 625ರವರೆಗೆ 626 ಖಾನೆ ಇಟ್ಟುಕೊಂಡು, ಯಾವ ಅಂಕ ಎಷ್ಟು ಸಲ ಬಂತು ಎಂದು ಒಂದೇ ಸಲ ಎಣಿಸಿದರೆ ಮುಗಿಯಿತು. ಇಲ್ಲಿ k ಅಂದರೆ 626. ಅದೇ ವಿದ್ಯಾರ್ಥಿಗಳನ್ನು ಹನ್ನೆರಡು ಅಂಕಿಯ ಆಧಾರ್ ಸಂಖ್ಯೆಯಿಂದ ಜೋಡಿಸಿ ಎಂದರೆ k ಒಂದು ಲಕ್ಷ ಕೋಟಿ. ಅಷ್ಟು ಖಾನೆ ಇಡಲು ಮೆಮೊರಿ ಎಲ್ಲಿಂದ ತರುವುದು? ಚೌಕದಲ್ಲಿ n ಅಲ್ಲದೆ ಇನ್ನೊಂದು ಅಕ್ಷರ ಕಂಡರೆ ಅದು ಏನೆಂದು ಕೇಳದೆ ಮುಂದೆ ಹೋಗಬಾರದು.

ಕೊನೆಯ ಕಾಲಂ ಸ್ಟೇಬಲ್. ಎರಡು ಸಾಲುಗಳು ಸಮನಾಗಿದ್ದರೆ ಅವುಗಳ ಹಳೆಯ ಕ್ರಮ ಉಳಿಯುತ್ತದೆಯೇ ಎಂಬ ಪ್ರಶ್ನೆ ಅದು. ಹೆಸರಿನ ಪ್ರಕಾರ ಜೋಡಿಸಿದ ಪಟ್ಟಿಯನ್ನು ಆಮೇಲೆ ಜಿಲ್ಲೆಯ ಪ್ರಕಾರ ಜೋಡಿಸಿದರೆ, ಸ್ಟೇಬಲ್ ವಿಧಾನದಲ್ಲಿ ಪ್ರತಿ ಜಿಲ್ಲೆಯೊಳಗೂ ಹೆಸರುಗಳು ಅಕಾರಾದಿಯಾಗಿಯೇ ಇರುತ್ತವೆ. ಕ್ವಿಕ್‌ಸಾರ್ಟ್‌ನಲ್ಲಿ ದೂರದ ಎರಡು ಅದಲುಬದಲಾಗುವಾಗ ಆ ಕ್ರಮ ಕಲಸಿಹೋಗುತ್ತದೆ. ಜಾವಾ ಭಾಷೆ ಇದಕ್ಕೆ ಎರಡು ಬೇರೆ ವಿಧಾನಗಳನ್ನೇ ಇಟ್ಟುಕೊಂಡಿದೆ. ಹೆಸರು, ಜಿಲ್ಲೆ, ಅಂಕ ಎಲ್ಲ ಇರುವ ಆಬ್ಜೆಕ್ಟ್‌ಗಳ ಪಟ್ಟಿಯಾದರೆ ಸ್ಟೇಬಲ್ ಆದ ಟಿಮ್‌ಸಾರ್ಟ್. ಬರೀ `int` ಸಂಖ್ಯೆಗಳ ಅರೇಯಾದರೆ ಎರಡು ಪಿವಟ್‌ಗಳ ಕ್ವಿಕ್‌ಸಾರ್ಟ್. ಒಂದು 35ಕ್ಕೂ ಇನ್ನೊಂದು 35ಕ್ಕೂ ಗುರುತಿಸುವಂಥ ವ್ಯತ್ಯಾಸವೇ ಇಲ್ಲದಿರುವುದರಿಂದ ಯಾವುದು ಮೊದಲು ಬಂದರೂ ಅಲ್ಲಿ ನಡೆಯುತ್ತದೆ.